ನಾಲ್ಕೇ ಪದದ ಬರ್ತ್‌ಡೇ ಕ್ಯಾಪ್ಷನ್: ನನ್ನ ಅನುಭವ

ನಾಲ್ಕು ಪದ ಬರೆದರೆ ಯಾರೂ ತಿರುಗಿ ನೋಡಲ್ಲ ಅಂತ ನಮ್ಮ ಗ್ಯಾಂಗ್‌ನಲ್ಲಿ ಎಲ್ಲರದ್ದೂ ಒಂದೇ ವಾದ. ತುಮಕೂರಿನಲ್ಲಿ ಹುಟ್ಟುಹಬ್ಬ ಅಂದರೆ ಫ್ಲೆಕ್ಸ್ ತುಂಬಾ ಬಿರುದು ಇರಬೇಕು, ಅದನ್ನೇ ಇನ್‌ಸ್ಟಾದಲ್ಲೂ ಹಾಕಬೇಕು ಅನ್ನೋದು ಅವರ ಲೆಕ್ಕ. ಈ ಸಲ ನನ್ನ ದಾರಿಯೇ ಗೆದ್ದಿತು, ಅದಕ್ಕೇ ಬರೆಯುತ್ತಿದ್ದೇನೆ.

ಫೋಟೋ ದೇವರಾಯನದುರ್ಗದ ಮೇಲೆ ತೆಗೆದಿದ್ದು. ಬೈಕ್ ಸೀಟಿನ ಮೇಲೆ ಕೇಕ್, ಸುತ್ತ ಐದು ಜನ. ಕ್ಯಾಮೆರಾ ಕಡೆ ಒಬ್ಬನೂ ನೋಡುತ್ತಿಲ್ಲ, ಎಲ್ಲರೂ ಎಡಕ್ಕೆ ತಿರುಗಿ ಬಾಯಿ ಬಿಟ್ಟಿದ್ದೇವೆ. ಕಾರಣ ಕೋತಿ. ಬರ್ತ್‌ಡೇ ಹುಡುಗ ಚಾಕು ಹಿಡಿಯುವ ಮೊದಲೇ ಅದು ಒಂದು ಮೂಲೆ ಕಿತ್ತುಕೊಂಡು ಓಡಿತ್ತು. ಕೇಕಿಗೆ ಎಲ್ಲರೂ ಸೇರಿ 700 ರೂಪಾಯಿ ಆಸುಪಾಸು ಹಾಕಿದ್ದೆವು, ಹಾಗಾಗಿ ಆ ಮುಖಗಳಲ್ಲಿ ಇರೋದು ನಿಜವಾದ ಸಂಕಟ. ಕೋತಿ ಮಾತ್ರ ಫ್ರೇಮಿನಲ್ಲಿ ಸಿಕ್ಕಿಲ್ಲ.

ಈ ಫೋಟೋ ಡಿಲೀಟ್ ಮಾಡಿ, ನಿಂತು ತೆಗೆಸಿಕೊಂಡಿದ್ದನ್ನು ಹಾಕೋಣ ಅಂದರು. ನಾನು ಬಿಡಲಿಲ್ಲ. ನಿಂತು ತೆಗೆಸಿಕೊಂಡ ಫೋಟೋದಲ್ಲಿ ಕೇಳೋಕೆ ಏನೂ ಇರಲ್ಲ. ಇದರಲ್ಲಿ 'ಇವರೆಲ್ಲ ಏನು ನೋಡ್ತಿದಾರೆ?' ಅನ್ನುವ ಪ್ರಶ್ನೆ ಆಗಲೇ ಇದೆ. ಕ್ಯಾಪ್ಷನ್ ಕೆಲಸ ಆ ಪ್ರಶ್ನೆಯನ್ನು ದೊಡ್ಡದು ಮಾಡೋದು, ಉತ್ತರ ಹೇಳೋದಲ್ಲ.

ಮೊದಲು ಬಂದ ಸಾಲು 'ನೂರು ವರ್ಷ ಬಾಳು ಮಗಾ'. ಬೇರೆ ಯಾವ ಫೋಟೋ ಕೆಳಗೆ ಹಾಕಿದರೂ ಒಪ್ಪುತ್ತದೆ, ಅಂದಮೇಲೆ ಬೇಡ. ಒಬ್ಬ 'ಸ್ನೇಹ ಇದ್ದರೆ ಸಾಕು, ಕೇಕ್ ಯಾಕೆ ಬೇಕು' ಅಂತ ಪ್ರಾಸ ಕಟ್ಟಿದ. ಓದೋಕೆ ಚೆನ್ನಾಗಿದೆ, ಆದರೆ ಆವತ್ತಿನ ಕಥೆ ಅದರಲ್ಲಿ ಇಲ್ಲ. ಇನ್ನೊಬ್ಬ 'ಕೋತಿ ಕೇಕ್ ಕಿತ್ಕೊಂಡು ಹೋಯ್ತು, ಅದಕ್ಕೇ ಎಲ್ಲರೂ ಆ ಕಡೆ ನೋಡ್ತಿದೀವಿ' ಅಂದ. ಎಲ್ಲವನ್ನೂ ಅಲ್ಲೇ ಹೇಳಿಬಿಟ್ಟರೆ ಓದುವವರು ಏನು ಕೇಳಬೇಕು? 'ಇದರಲ್ಲಿ ಕೋತಿ ಯಾರು ಹೇಳಿ' ಅನ್ನೋದೂ ಬಂತು. ಅದನ್ನು ನಾನು ಖಡಾಖಂಡಿತ ಬೇಡ ಅಂದೆ, ಕಾಮೆಂಟಿನಲ್ಲಿ ಎಲ್ಲರೂ ಸೇರಿ ಒಬ್ಬನನ್ನೇ ಹಿಡಿದುಕೊಳ್ಳುತ್ತಾರೆ, ಹುಟ್ಟುಹಬ್ಬದ ದಿನ ಅದು ಬೇಕಾ?

ಆಮೇಲೆ ನಾನು ಬರೆದಿದ್ದು 'ಫೋಟೋದಲ್ಲಿ ಇಲ್ಲದವನು ಕೇಕ್ ಮೊದಲು ತಿಂದ'. ವಿಷಯ ಸರಿ, ಆದರೆ ಮಜಾ ಮೊದಲ ಎರಡು ಪದದಲ್ಲೇ ಮುಗಿದುಹೋಗುತ್ತದೆ. ತಿರುಗಿಸಿದೆ:

'ಕೇಕ್ ಮೊದಲು ತಿಂದವನು ಫೋಟೋದಲ್ಲಿಲ್ಲ.'

ಕೊನೆಯ ಪದದವರೆಗೂ ಇದು ಸಾಮಾನ್ಯ ಬರ್ತ್‌ಡೇ ಮಾತು, ಮೊದಲ ತುಂಡು ಬರ್ತ್‌ಡೇ ಹುಡುಗನದ್ದೇ ಅಲ್ವಾ. 'ಇಲ್ಲ' ಬಂದ ಮೇಲೆ ಕಣ್ಣು ವಾಪಸ್ ಫೋಟೋಗೆ ಹೋಗುತ್ತದೆ, ಐದೂ ಮುಖ ಎಡಕ್ಕೆ ತಿರುಗಿರೋದು ಕಾಣುತ್ತದೆ.

ಹಾಕುವ ಮುಂಚೆ ಫೋಟೋ, ಸಾಲು ಎರಡನ್ನೂ ದುರ್ಗಕ್ಕೆ ಬಾರದ ಅಕ್ಕನಿಗೆ ಕಳಿಸಿದೆ. 'ಚೆನ್ನಾಗಿದೆ' ಅಂತ ಉತ್ತರ ಬಂದರೆ ಆ ಸಾಲು ಕಸ, ಇದು ನನ್ನ ಅಳತೆ. ಅಕ್ಕ ಕೇಳಿದ್ದು 'ಯಾರೋ ಅದು?' ಅಂತ. ಅಷ್ಟು ಸಾಕಿತ್ತು.

ಅಷ್ಟರಲ್ಲಿ ಗೆಳೆಯನೊಬ್ಬ ಕೊನೆಗೆ ಕೋತಿ ಇಮೋಜಿ ಸೇರಿಸಿದ್ದ, ಒಂದು ಸಣ್ಣ ಚಿತ್ರದಿಂದ ಪೂರ್ತಿ ಗುಟ್ಟು ರಟ್ಟು. ತೆಗೆಸಿದೆ. ಐದು ಜನರ ಟ್ಯಾಗೂ ಕ್ಯಾಪ್ಷನ್ ಶುರುವಿನಲ್ಲೇ ಇದ್ದವು. ಫೀಡಿನಲ್ಲಿ ಕಾಣೋದು ಮೊದಲ ಸ್ವಲ್ಪ ಮಾತ್ರ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಟ್ಯಾಗ್‌ಗಳನ್ನು ಫೋಟೋ ಮೇಲೆ ಹಾಕಿಸಿದೆ. ಕೋತಿ ಬಂಡೆ ಮೇಲೆ ಕೂತು ಕೆನೆ ನೆಕ್ಕುತ್ತಿದ್ದ ಇನ್ನೊಂದು ಫೋಟೋ ಇತ್ತು, ಅದು ಎರಡನೆಯದು. ಸ್ವೈಪ್ ಮಾಡಿದವರಿಗೆ ಉತ್ತರ.

60 ದಾಟಿ ಕಾಮೆಂಟ್ ಬಂದವು, ಅರ್ಧಕ್ಕರ್ಧ 'ಯಾರು ಮಗಾ?' ಅಂತಲೇ. ಹಿಂದಿನ ಹುಟ್ಟುಹಬ್ಬಕ್ಕೆ ಉದ್ದುದ್ದ ಬಿರುದು ಬರೆದು, 200 ರೂಪಾಯಿ ಚಿಲ್ಲರೆ ಕೊಟ್ಟು ಬೂಸ್ಟ್ ಮಾಡಿದ್ದರು. ಗೊತ್ತಿಲ್ಲದವರ ಲೈಕ್ ಬಂತು, ಕಾಮೆಂಟ್ ಹತ್ತೂ ದಾಟಲಿಲ್ಲ. ಈ ಸಲ ಖರ್ಚು ಸೊನ್ನೆ. ಮಾರನೇ ದಿನ ಕ್ಯಾತ್ಸಂದ್ರದಲ್ಲಿ ನನ್ನ ತಟ್ಟೆ ಇಡ್ಲಿ ದುಡ್ಡು ಅವರೇ ಕೊಟ್ಟರು.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಅದೇ ಸಾಲನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಅಲ್ಲಿ ಊರಿನ ಮಾವಂದಿರೂ ನೋಡುತ್ತಾರೆ, 'ತಿಂದವನು' ಅಂದರೆ ಯಾರನ್ನೋ ಏಕವಚನದಲ್ಲಿ ಬೈದ ಹಾಗೆ ಅನ್ನಿಸಬಹುದು ಅಂತ 'ತಿಂದವರು' ಮಾಡಿದೆ. ಮಜಾ ಇನ್ನೂ ಜಾಸ್ತಿ ಆಯಿತು, ಕೋತಿಗೂ ಮರ್ಯಾದೆ ಸಿಕ್ಕಿತು. ಅತ್ತೆ ಫೋನ್ ಮಾಡಿ ಯಾರದು ಅಂತ ವಿಚಾರಿಸಿದರು.

ಪೋಸ್ಟ್ ಎಷ್ಟು ಹೊತ್ತಿಗೆ ಹಾಕುತ್ತೇನೆ, ಮೊದಲ ಕಾಮೆಂಟ್ ಯಾರಿಂದ ಹಾಕಿಸುತ್ತೇನೆ ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ. ಏನೂ ನಡೆಯದೆ ಸುಮ್ನೆ ಸಾಲಾಗಿ ನಿಂತ ಫೋಟೋಗೆ ಈ ದಾರಿ ಕೆಲಸ ಮಾಡಲ್ಲ. ಅಂಥದ್ದು ಬಂದರೆ ನಾನು ಹೆಸರು, ತಾರೀಖು ಅಷ್ಟೇ ಹಾಕಿ, ಆವತ್ತಿನ ಬೇರೆ ಫೋಟೋ ಇದ್ದರೆ ಕಳಿಸಿ ಅಂತೇನೆ.