ಮನೆಯಲ್ಲಿ ಸಂಗೀತ ಪಾಠ: ವಾರದ ವೇಳಾಪಟ್ಟಿಯನ್ನು ತುಂಬುವ ಕ್ರಮ

ಮಡಿಕೇರಿ ಸುತ್ತಮುತ್ತ ಮನೆಯಲ್ಲೇ ಕರ್ನಾಟಕ ಸಂಗೀತದ ಪಾಠ ಆರಂಭಿಸುವವರು ಮಕ್ಕಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡದೆ, ಶ್ರುತಿ ಮತ್ತು ಕಾಲದ ಪ್ರಕಾರ ಮಾಡುವುದು ಒಳ್ಳೆಯದು. ಮೊದಲ ದಿನ ಪ್ರತಿ ಮಗುವಿನಿಂದ ಮಂದ್ರ ಪಂಚಮವನ್ನೂ ತಾರ ಷಡ್ಜವನ್ನೂ ಹಾಡಿಸಿ ನೋಡಿ; ತಾರ ಷಡ್ಜದಲ್ಲಿ ಕತ್ತಿನ ನರ ಬಿಗಿಯುತ್ತಿದ್ದರೆ ಶ್ರುತಿ ಹೆಚ್ಚಾಯಿತೆಂದೇ ಅರ್ಥ. ಚಿಕ್ಕ ಮಕ್ಕಳಲ್ಲಿ ಹಲವರಿಗೆ ಐದು ಅಥವಾ ಐದೂವರೆ ಮನೆ ಹೊಂದುತ್ತದೆ. ಧ್ವನಿ ಒಡೆಯುತ್ತಿರುವ ಹುಡುಗರನ್ನು ಮಾತ್ರ ಬೇರೆಯಾಗಿಯೇ ಕೂರಿಸಬೇಕು.

ಎಂಟು ಮಕ್ಕಳಿದ್ದಾರೆಂದುಕೊಳ್ಳೋಣ. ಮಾಯಾಮಾಳವಗೌಳದ ಸರಳೆ ವರಸೆಯನ್ನು ಆದಿತಾಳ ಹಾಕಿಕೊಂಡು ಎರಡನೆಯ ಕಾಲದಲ್ಲಿ ತಪ್ಪದೆ ಹಾಡುವ ನಾಲ್ವರಿಗೆ ಮಂಗಳವಾರ ಮತ್ತು ಶುಕ್ರವಾರ, ಕೈತಾಳ ಇನ್ನೂ ಓಡುವ ನಾಲ್ವರಿಗೆ ಸೋಮವಾರ ಮತ್ತು ಗುರುವಾರ ಪಾಠವಿಡಿ. ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂರಿಸುವುದಕ್ಕಿಂತ, ಎರಡು ಸಲ ನಲವತ್ತೈದು ನಿಮಿಷದ ಪಾಠದಲ್ಲಿ ಸ್ವರಸ್ಥಾನ ಬೇಗ ನಿಲ್ಲುತ್ತದೆ. ಶಾಲೆಯ ಬಸ್ಸು ಎಸ್ಟೇಟ್ ರಸ್ತೆಗಳನ್ನು ಸುತ್ತಿ ತಡವಾಗಿ ಬರುವುದರಿಂದ ಐದೂವರೆಗೆ ಮೊದಲು ಪಾಠ ಬೇಡ.

ಶನಿವಾರ ಬೆಳಗಿನ ಅವಧಿಯನ್ನು ಎಷ್ಟೇ ಬೇಡಿಕೆ ಬಂದರೂ ಖಾಲಿ ಬಿಡಿ, ಏಕೆಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಿಂದ ತಪ್ಪುವ ಪಾಠಗಳಿಗೆ ಬೇರೆ ಜಾಗವಿರುವುದಿಲ್ಲ. ಆ ತಿಂಗಳುಗಳಲ್ಲಿ ಕರೆಂಟು ಹೋಗುವುದು ಮಾಮೂಲು, ಆದ್ದರಿಂದ ಬ್ಯಾಟರಿಯಲ್ಲೂ ನಡೆಯುವ ಶ್ರುತಿಪೆಟ್ಟಿಗೆಯನ್ನೇ ಕೊಳ್ಳಿ.