ಎರಡೂ ಗೆರೆ ಮುರಿದಿದ್ದರೆ ಬೋತ್ ಕಾಲಮ್ ಅಂತಲೇ ಅಲ್ಲ: ನನ್ನ ಅನುಭವ

ಪುಣೆ–ಸೋಲಾಪುರ ರಸ್ತೆಯಲ್ಲಿ ಲೋಣಿ ದಾಟಿದ ಮೇಲೆ ನಮ್ಮದು ಚಿಕ್ಕ ಆಸ್ಪತ್ರೆ. ಎಕ್ಸ್‌ರೇ ಇದೆ, ಸಿಟಿ ಇಲ್ಲ. ಸಿಟಿ ಬೇಕೆಂದರೆ ಹಡಪ್ಸರದ ಕಡೆ ಹೋಗಬೇಕು. ಆಂಬ್ಯುಲೆನ್ಸೂ ಸೇರಿ ಆರೇಳು ಸಾವಿರ ರೂಪಾಯಿ ಅಲ್ಲೇ ಮುಗಿಯುತ್ತದೆ. ಬರುವವರಲ್ಲಿ ಬಹಳ ಜನ ಅಫಜಲಪುರ, ಇಂಡಿ, ಸಿಂದಗಿ ಕಡೆಯ ಕಟ್ಟಡದ ಕೆಲಸದವರು. ಹಿಪ್ ಒಡೆದುಕೊಂಡು ಬಂದವರ ಮನೆಯವರು ಕೇಳುವುದು ಒಂದೇ ಮಾತು: ‘ಎಷ್ಟಾಗ್ತದ್ರಿ?’ ತೊಡೆಮೂಳೆಯ ತಲೆ ಕೂರುವ ಬಟ್ಟಲು, ಅಂದರೆ ಎಸಿಟಾಬುಲಮ್, ಯಾವ ಬಗೆಯಲ್ಲಿ ಒಡೆದಿದೆ ಅಂತ ಗೊತ್ತಾಗದೆ ಅದಕ್ಕೆ ಉತ್ತರ ಕೊಡಲಾಗದು. ಹಾಗಾಗಿಯೇ ನಾನು ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಗೆರೆಗಳ ಹಿಂದೆ ಬಿದ್ದೆ. ‘ಆ ಕಾಲ ಹೋಯ್ತು ಮಾರಾಯ, ಸಿಟಿ ಮಾಡಿಸಿ ಕಳಿಸು’ ಅಂತ ನಗರದ ಸ್ನೇಹಿತರು ಎಷ್ಟೋ ಸಲ ಹೇಳಿದ್ದಾರೆ.

ಮೊದಲು ನನ್ನ ತಪ್ಪನ್ನು ಹೇಳುತ್ತೇನೆ. ನಾಲ್ಕೈದು ವರ್ಷದ ಹಿಂದೆ ಒಬ್ಬರ ಎಪಿ, ಅಂದರೆ ಎದುರಿನಿಂದ ತೆಗೆದ ಫಿಲ್ಮ್‌ನಲ್ಲಿ, ಬಟ್ಟಲನ್ನು ಹಿಡಿದಿರುವ ಮುಂದಿನ ಕಾಲಮ್ ತೋರಿಸುವ ಇಲಿಯೋಪೆಕ್ಟಿನಿಯಲ್, ಹಿಂದಿನ ಕಾಲಮ್ ತೋರಿಸುವ ಇಲಿಯೋಇಶಿಯಲ್ ಎರಡೂ ಗೆರೆ ಮುರಿದಿದ್ದವು. ಮೇಲಿನ ಅಗಲ ಮೂಳೆ, ಇಲಿಯಾಕ್ ವಿಂಗ್, ಸರಿಯಿತ್ತು. ಟ್ರಾನ್ಸ್‌ವರ್ಸ್, ಅಂದರೆ ಅಡ್ಡ ಮುರಿತ ಅಂತ ಬರೆದು, ಹಿಂದಿನಿಂದ ಒಂದೇ ಅಪ್ರೋಚ್ ಸಾಕು, ಒಂದೂಕಾಲು ಲಕ್ಷ ಆಗಬಹುದು ಅಂತ ಮನೆಯವರಿಗೆ ಹೇಳಿ ಕಳಿಸಿದೆ. ರೋಗಿ ನೋವಿಗೆ ಕೂಗಿಕೊಂಡರೆಂದು ಮಗ್ಗುಲು ಹೊರಳಿಸಿ ತೆಗೆಯುವ ಒಬ್ಲಿಕ್ ಫಿಲ್ಮ್ ತೆಗೆಸಿರಲಿಲ್ಲ. ನಗರದ ಆಸ್ಪತ್ರೆಗೆ ಹೋದಮೇಲೆ ಅದು ಟೀ ಆಕಾರದ ಮುರಿತ ಅಂತ ತಿಳಿಯಿತು. ಟ್ರಾನ್ಸ್‌ವರ್ಸ್‌ನಲ್ಲಿ ಕೆಳಗಿನ ತುಂಡು ಒಂದೇ, ಹಿಂದಿನಿಂದ ಹಿಡಿದು ಎಳೆದರೆ ಮುಂಭಾಗವೂ ಜೊತೆಗೆ ಬರುತ್ತದೆ. ಟೀಯಲ್ಲಿ ಅದೇ ತುಂಡು ನಡುವೆ ಸೀಳಿರುತ್ತದೆ. ಹಿಂದಿನ ಕಾಲಮ್ ಕೂಡಿಸಿದರೂ ಮುಂದಿನದು ಇದ್ದಲ್ಲೇ ಉಳಿಯಿತು, ಮುಂದಿನಿಂದಲೂ ತೆರೆಯಬೇಕಾಯಿತು. ಬಿಲ್ಲು ಎರಡು ಲಕ್ಷ ದಾಟಿತು. ಆ ಮನೆಯವರ ಮುಖ ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಮೂಳೆಯನ್ನೇ ಕೈಗೆ ತೆಗೆದುಕೊಂಡೆ. ಪರಿಚಯದ ಅನಾಟಮಿ ವಿಭಾಗದಿಂದ ಒಣ ಪೆಲ್ವಿಸ್ ಕೇಳಿ ತಂದೆ. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸೋಲ್ಡರ್ ತಂತಿ ಕೊಂಡು ಪೆಲ್ವಿಸ್‌ನ ಒಳಬಾಯಿಯ ಅಂಚಾದ ಪೆಲ್ವಿಕ್ ಬ್ರಿಮ್ ಮೇಲೂ ಬಟ್ಟಲಿನ ಹಿಂದು ಮುಂದಿನ ಎರಡೂ ವಾಲ್‌ಗಳ ಅಂಚಿನ ಮೇಲೂ ಟೇಪ್ ಹಚ್ಚಿ ಕೂರಿಸಿ ಎಕ್ಸ್‌ರೇ ತೆಗೆದೆ. ಬ್ರಿಮ್‌ನ ತಂತಿ ಇಲಿಯೋಪೆಕ್ಟಿನಿಯಲ್ ಗೆರೆಯ ಮುಂದಿನ ಬಹುಭಾಗದ ಮೇಲೆ ಸರಿಯಾಗಿ ಕೂತಿತು. ಇಲಿಯೋಇಶಿಯಲ್ ಗೆರೆಗೆ ಮಾತ್ರ ತಂತಿ ಹಚ್ಚಲು ಅಂಚೇ ಸಿಗಲಿಲ್ಲ. ಅದು ಅಂಚಲ್ಲ, ಬಟ್ಟಲಿನ ಒಳಬದಿಯ ಚಪ್ಪಟೆ ಭಾಗವಾದ ಕ್ವಾಡ್ರಿಲ್ಯಾಟರಲ್ ಮೇಲ್ಮೈಯನ್ನು ಕಿರಣ ಸವರಿಕೊಂಡು ಹೋಗುವ ಜಾಗದಲ್ಲಿ ಕಾಣುವ ನೆರಳು. ಪೆಲ್ವಿಸನ್ನು ಸ್ವಲ್ಪ ಹೊರಳಿಸಿದರೆ ಬಟ್ಟಲಿನ ತಳದಲ್ಲಿ ಹನಿಯಂತೆ ಕಾಣುವ ಟಿಯರ್‌ಡ್ರಾಪ್‌ನಿಂದ ಅದರ ದೂರವೂ ಬದಲಾಗುತ್ತದೆ. ಒಮ್ಮೆ ಹೀಗೆ ಹೊರಳಿದ ಫಿಲ್ಮ್ ನೋಡಿ, ಬರೀ ಪ್ಯೂಬಿಸ್‌ನ ಕೊಂಬೆಯಾದ ರೇಮಸ್ ಒಡೆದಿದ್ದವರಿಗೆ ಪೋಸ್ಟೀರಿಯರ್ ಕಾಲಮ್ ಅಂದಿದ್ದೆ. ಈಗ ಎಪಿಯಲ್ಲಿ ಬಾಲಮೂಳೆಯಾದ ಕೊಕ್ಸಿಕ್ಸ್‌ನ ತುದಿ, ಮುಂದೆ ಎರಡೂ ಪ್ಯೂಬಿಸ್ ಕೂಡುವ ಸಿಂಫಿಸಿಸ್‌ನ ನೇರಕ್ಕೆ ಇಲ್ಲದಿದ್ದರೆ ಆ ಅಂತರದ ಮೇಲೆ ಮಾತೇ ಆಡುವುದಿಲ್ಲ, ಇನ್ನೊಂದು ಫಿಲ್ಮ್ ತೆಗೆಸುತ್ತೇನೆ.

ಬಟರ್ ಪೇಪರ್ ಪ್ರಯೋಗವನ್ನೂ ಮಾಡಿದೆ. ಚೆನ್ನಾಗಿರುವ ಕಡೆಯ ಗೆರೆಗಳನ್ನು ಕಾಗದದ ಮೇಲೆ ಎಳೆದು, ಮಗುಚಿ, ಒಡೆದ ಕಡೆಯ ಮೇಲೆ ಇಡುವುದು. ಫಿಲ್ಮ್ ನೇರವಾಗಿದ್ದರೆ ಬಹಳ ಚೆನ್ನಾಗಿ ತೋರಿಸುತ್ತದೆ, ಹೊರಳಿದ್ದರೆ ದಾರಿ ತಪ್ಪಿಸುತ್ತದೆ. ಮಸುಕಾದ ಫಿಲ್ಮ್‌ನಲ್ಲಿ ಪೋಸ್ಟೀರಿಯರ್ ವಾಲ್‌ನ ಗೆರೆ ಹಿಡಿಯಲು ನನ್ನದೇ ಒಂದು ಉಪಾಯವಿದೆ. ಅದನ್ನು ನಮ್ಮಲ್ಲಿಗೆ ಬಂದವರಿಗೆ ಎದುರಿಗೆ ಕೂರಿಸಿಕೊಂಡು ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಒಬ್ಲಿಕ್‌ಗಾಗಿ ಗಾದಿ ಹೊಲಿಯುವವನಿಂದ 45 ಡಿಗ್ರಿಯ ಗಟ್ಟಿ ಫೋಮ್ ತುಂಡು ಕತ್ತರಿಸಿಕೊಂಡೆ, ಐದಾರು ನೂರು ರೂಪಾಯಿ ಆಗಿರಬೇಕು. ಹಿಪ್ ಜಾರಿದ್ದರೆ ಮೊದಲು ಕೂರಿಸುತ್ತೇವೆ. ಆಮೇಲೆ ನೋವಿನ ಇಂಜೆಕ್ಷನ್ ಹಾಕಿ, ಅದು ಹಿಡಿಯುವವರೆಗೆ ಕಾದು, ಹಾಸಿಗೆಯ ಚಾದರದ ಸಮೇತ ಮೂರು ಜನ ಒಟ್ಟಿಗೆ ಹೊರಳಿಸುತ್ತೇವೆ. ಒಡೆದ ಕಡೆ ಮೇಲೆದ್ದರೆ ಆಬ್ಚುರೇಟರ್ ಒಬ್ಲಿಕ್, ಇನ್ನೊಂದು ಕಡೆ ಮೇಲೆದ್ದರೆ ಇಲಿಯಾಕ್ ಒಬ್ಲಿಕ್. ಆಬ್ಚುರೇಟರ್ ಒಬ್ಲಿಕ್‌ನಲ್ಲಿ ಕೊಕ್ಸಿಕ್ಸ್ ತುದಿ ಫೀಮರ್ ಹೆಡ್‌ನ ನಡುಭಾಗಕ್ಕಿಂತ ತುಸು ಮೇಲೆ ಬಂದರೆ ಹೊರಳಿಸಿದ್ದು ಸರಿ ಅಂತ ನಮ್ಮ ಎಕ್ಸ್‌ರೇ ಹುಡುಗನೇ ಈಗ ನೋಡಿಕೊಳ್ಳುತ್ತಾನೆ.

ಕಳೆದ ಮಳೆಗಾಲದಲ್ಲಿ ಅಫಜಲಪುರದ ಒಬ್ಬ ಗೌಂಡಿ ಬಂದ, ವಯಸ್ಸು ಮೂವತ್ತೈದರ ಆಸುಪಾಸು. ಎರಡನೇ ಮಹಡಿಯಿಂದ ಎಡ ಮಗ್ಗುಲಿಗೆ ಬಿದ್ದಿದ್ದ. ಅಣ್ಣ ಬಾಗಿಲಲ್ಲೇ ನಿಂತು ಕೇಳಿದ: ‘ಸಾಹೇಬ್ರ, ಒಂದ ಕಡೆ ಕೊಯ್ತಾರೋ ಎರಡ ಕಡೆಯೋ ಮೊದಲ ಹೇಳಿಬಿಡ್ರಿ. ಊರಾಗ ಎತ್ತ ಮಾರೂದದ.’

ಎಪಿಯಲ್ಲಿ ಎರಡೂ ಗೆರೆ ಮುರಿದಿದ್ದವು. ನಮ್ಮ ಕಿರಿಯ ಡಾಕ್ಟರ್ ತಕ್ಷಣ ‘ಬೋತ್ ಕಾಲಮ್ ಸರ್’ ಅಂದರು. ಹೆಸರೇ ಹಾಗೆ ದಾರಿ ತಪ್ಪಿಸುತ್ತದೆ. ಟ್ರಾನ್ಸ್‌ವರ್ಸ್, ಟೀ, ಬೋತ್ ಕಾಲಮ್ ಮೂರರಲ್ಲೂ ಎರಡೂ ಗೆರೆ ಮುರಿಯುತ್ತವೆ. ಜುಡೆ ಮತ್ತು ಲೆಟೂರ್ನೆಲ್ 1964ರಲ್ಲಿ ಬಗೆಗಳನ್ನು ವಿಂಗಡಿಸಿದಾಗ ಬೋತ್ ಕಾಲಮ್ ಅಂದದ್ದು ಎಸಿಟಾಬುಲಮ್‌ನ ಯಾವ ಚೂರೂ ಬೆನ್ನುಹುರಿಯ ಕೆಳಗಿನ ಮೂಳೆ ಸೇಕ್ರಮ್‌ಗೆ ಅಂಟಿದ ಮೂಳೆಯ ಜೊತೆ ಉಳಿಯದಿದ್ದಾಗ. ಅದಕ್ಕೆ ನಾನು ಮಾಡುವುದಿಷ್ಟು: ಪೆಲ್ವಿಸ್ ಸೇಕ್ರಮ್ ಸೇರುವ ಎಸ್‌ಐ ಜಾಯಿಂಟ್ ಮೇಲೆ ಬೆರಳಿಟ್ಟು ಮೂಳೆಯ ಮೇಲೆಯೇ ಕೆಳಗೆ ಬರುತ್ತೇನೆ. ಮುರಿತ ದಾಟದೆ ಬಟ್ಟಲಿನ ರೂಫ್‌ಗೆ ಮುಟ್ಟಿದರೆ ಅದು ಬೋತ್ ಕಾಲಮ್ ಅಲ್ಲ. ಈತನಲ್ಲಿ ಸಲೀಸಾಗಿ ಮುಟ್ಟಿದೆ. ವಿಂಗ್ ಒಡೆದಿರಲಿಲ್ಲ, ಆಬ್ಚುರೇಟರ್ ಒಬ್ಲಿಕ್‌ನಲ್ಲಿ ಸೇಕ್ರಮ್ ಕಡೆಯ ಮೂಳೆಯ ತುದಿ ಮುಳ್ಳಿನಂತೆ ಚಾಚಿ ಕಾಣುವ ಸ್ಪರ್ ಸೈನೂ ಇರಲಿಲ್ಲ. ವಿಂಗ್ ಒಡೆದಿದ್ದೂ ರೂಫ್‌ನ ಒಂದು ಭಾಗ ಅಂಟಿಕೊಂಡಿದ್ದರೆ ನಾನು ಆಂಟೀರಿಯರ್ ಕಾಲಮ್ ಜೊತೆ ಹಿಂದಿನ ಅರ್ಧ ಅಡ್ಡ ಮುರಿಯುವ ಪೋಸ್ಟೀರಿಯರ್ ಹೆಮಿಟ್ರಾನ್ಸ್‌ವರ್ಸ್ ಹುಡುಕುತ್ತೇನೆ.

ಉಳಿದದ್ದು ಟ್ರಾನ್ಸ್‌ವರ್ಸೋ ಟೀಯೋ ಅನ್ನುವುದು. ಎಪಿಯಲ್ಲಿ ಇನ್ಫೀರಿಯರ್ ರೇಮಸ್ ಸರಿಯೇ ಕಂಡಿತು, ನಾಲ್ಕೈದು ವರ್ಷದ ಹಿಂದಿನ ಫಿಲ್ಮ್‌ನಂತೆಯೇ. ಆದರೆ ಟಿಯರ್‌ಡ್ರಾಪ್ ಒಂದು ಕಡೆ, ಇಲಿಯೋಇಶಿಯಲ್ ಗೆರೆ ಇನ್ನೊಂದು ಕಡೆ ಸರಿದಿದ್ದವು. ಫಿಲ್ಮ್ ನೇರವಾಗಿತ್ತು, ಹಾಗಾಗಿ ಅದು ಹೊರಳಿದ್ದರಿಂದ ಆದದ್ದಲ್ಲ. ಬರೀ ಟ್ರಾನ್ಸ್‌ವರ್ಸ್ ಆಗಿದ್ದರೆ ಅವೆರಡೂ ಒಂದೇ ತುಂಡಿನ ಮೇಲಿರುತ್ತವೆ, ಒಟ್ಟಿಗೇ ಸರಿಯಬೇಕು. ಆಬ್ಚುರೇಟರ್ ಒಬ್ಲಿಕ್‌ನಲ್ಲಿ ಪ್ಯೂಬಿಸ್, ಇಶಿಯಮ್ ಸೇರಿ ಆಗುವ ಆಬ್ಚುರೇಟರ್ ರಿಂಗ್ ಪೂರ್ತಿ ಎದುರಿಗೆ ಕಂಡಿತು. ರೇಮಸ್ ಮೇಲೆ ಕೂದಲೆಳೆಯಷ್ಟು ಸೀಳು ಕಂಡಿತು. ಟೀ ಅಂತ ಬರೆದೆ. ಎರಡು ಕಡೆಯಿಂದ ತೆರೆಯಬೇಕಾಗಬಹುದು, ಎರಡು ಲಕ್ಷದ ಲೆಕ್ಕ ಇಟ್ಟುಕೊಳ್ಳಿ ಅಂತ ಅಣ್ಣನಿಗೆ ಹೇಳಿದೆ. ರಿಂಗ್ ಮುರಿದಿಲ್ಲ ಅಂದ ಮಾತ್ರಕ್ಕೆ ಟೀ ಅಲ್ಲ ಅಂತ ತೀರ್ಮಾನಿಸಬಾರದು. ಸೀಳು ಹಿಂದಕ್ಕೆ ವಾಲಿ ಇಶಿಯಮ್ ಒಳಗೆ ಇಳಿದರೆ ರಿಂಗ್ ಉಳಿಯುತ್ತದೆ, ಅಲ್ಲಿ ಟಿಯರ್‌ಡ್ರಾಪ್ ಒಂದೇ ಸುಳಿವು.

ಫಿಲ್ಮ್ ನೋಡಿದ ನಗರದ ಸರ್ಜನ್ ಫೋನಿನಲ್ಲಿ ‘ಟ್ರಾನ್ಸ್‌ವರ್ಸ್ ಇದ್ದಂಗಿದೆ, ಸಿಟಿ ಬರಲಿ’ ಅಂದರು. ಮರುದಿನ ಸಂಜೆ ಅವರೇ ಫೋನ್ ಮಾಡಿದರು, ಸಿಟಿಯಲ್ಲಿ ಟೀ ಬಂದಿತ್ತು. ರೇಮಸ್ ಸೀಳು ಯಾವ ಫಿಲ್ಮ್‌ನಲ್ಲಿ ಕಂಡಿತು ಅಂತ ಕೇಳಿ, ಫೋಮ್ ತುಂಡಿನ ಅಳತೆಯನ್ನೂ ಬರೆದುಕೊಂಡರು. ನನಗೆ ಬಹಳ ಖುಷಿಯಾಯಿತು. ಜಾಯಿಂಟ್ ಒಳಗೆ ಕಡಲೆಕಾಳಿನಷ್ಟು ಒಂದು ಚೂರಿರುವುದನ್ನೂ ಸಿಟಿ ತೋರಿಸಿತ್ತು. ನನ್ನ ಮೂರು ಫಿಲ್ಮ್‌ನಲ್ಲಿ ಎಷ್ಟು ಹುಡುಕಿದರೂ ಅದು ಕಾಣಲಿಲ್ಲ. ಅಂಥ ಚೂರು, ಕೀಲಿನ ಅಂಚು ಒಳಗೆ ಕುಸಿದದ್ದು, ಇವು ಗೆರೆಗಳಲ್ಲಿ ಸಿಗುವುದಿಲ್ಲ, ಹಾಗಾಗಿ ಆಪರೇಷನ್‌ಗೆ ಹೋಗುವವರಿಗೆಲ್ಲ ಸಿಟಿಗೆ ನಾನೇ ಬರೆದುಕೊಡುತ್ತೇನೆ. ಬಿಲ್ಲು ಎರಡು ಲಕ್ಷದ ಹತ್ತಿರ ಬಂತು. ಅಣ್ಣ ಆ ಹೊತ್ತಿಗಾಗಲೇ ಊರಿಗೆ ಹೋಗಿ ದುಡ್ಡು ಹೊಂದಿಸಿಕೊಂಡು ಬಂದಿದ್ದ.