ಡಿಸ್ಚಾರ್ಜ್ ಚೀಟಿಯಲ್ಲಿ ನಿಲ್ಲಿಸಿದ ಮಾತ್ರೆಗೂ ಒಂದು ಜಾಗ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಡಾಕ್ಟರ್. ಎರಡು ಮಳೆಗಾಲದ ಹಿಂದೆ ಆಗುಂಬೆ ಕಡೆಯ ಒಬ್ಬ ಅಜ್ಜಿಯನ್ನು ಮನೆಗೆ ಕಳಿಸಿದ್ದೆ. ಹೃದಯದ ಬಲ ಕಡಿಮೆಯಾಗಿ ಕಾಲು ಊದಿ, ಉಸಿರು ಕಟ್ಟಿ ಬಂದಿದ್ದರು. ಐದು ದಿನದಲ್ಲಿ ಚೇತರಿಸಿಕೊಂಡರು. ಹತ್ತನೇ ದಿನಕ್ಕೆ ಮಗ ಮತ್ತೆ ಕರೆದುಕೊಂಡು ಬಂದ. ಎದ್ದು ನಿಂತರೆ ಕಣ್ಣು ಕತ್ತಲೆ, ನಾಡಿ ನಿಮಿಷಕ್ಕೆ 44.

ಮಾತ್ರೆ ಚೀಲ ಸುರಿದು ನೋಡಿದೆ. ನಾನು ಹೊಸದಾಗಿ ಬರೆದಿದ್ದ ಮೆಟೊಪ್ರೊಲಾಲ್ ಇತ್ತು, ಮೊದಲಿನಿಂದ ಬಿಪಿಗೆ ನುಂಗುತ್ತಿದ್ದ ಅಟೆನೊಲಾಲ್ ಕೂಡ ಇತ್ತು. ಎರಡೂ ಒಂದೇ ಗುಂಪಿನ ಔಷಧಿ, ಎರಡೂ ನಾಡಿಯನ್ನು ನಿಧಾನ ಮಾಡುತ್ತವೆ. "ಒಂದು ಹಳೇದು, ಒಂದು ಹೊಸದು ಅಲ್ವಾ ಡಾಕ್ಟ್ರೇ, ಹಳೇದು ಬಿಡಿ ಅಂತ ಯಾರೂ ಹೇಳ್ಲಿಲ್ಲ" ಅಂದರು ಅಜ್ಜಿ. ನನ್ನ ಚೀಟಿ ತೆಗೆದು ಓದಿದೆ. ಅವರು ಹೇಳಿದ್ದು ನಿಜ. ಅಟೆನೊಲಾಲ್ ಬದಲಿಗೆ ಮೆಟೊಪ್ರೊಲಾಲ್ ಅಂತ ನನ್ನ ತಲೆಯಲ್ಲಿತ್ತು, ಕಾಗದದಲ್ಲಿ ಮೆಟೊಪ್ರೊಲಾಲ್ ಮಾತ್ರ ಇತ್ತು.

ಆ ರಾತ್ರಿಯೇ ಚೀಟಿಯ ಮಾತ್ರೆ ಭಾಗವನ್ನು ಮೂರು ತುಂಡು ಮಾಡಿದೆ. ಮೇಲೆ "ಹೊಸದಾಗಿ ಶುರು". ನಡುವೆ "ಮೊದಲಿನದು, ಹಾಗೇ ಮುಂದುವರಿಸಿ". ಕೆಳಗೆ ದಪ್ಪ ಗೆರೆಯೊಳಗೆ "ನಿಲ್ಲಿಸಿ, ಮನೆಯಲ್ಲಿ ಉಳಿದಿದ್ದರೂ ನುಂಗಬೇಡಿ". ನಿಲ್ಲಿಸಲು ಏನೂ ಇಲ್ಲದಿದ್ದರೆ ಆ ಜಾಗದಲ್ಲಿ "ಯಾವುದೂ ಇಲ್ಲ" ಅಂತ ಬರೆಯಲೇಬೇಕು. ಸುಮ್ನೆ ಖಾಲಿ ಬಿಟ್ಟರೆ ಡಾಕ್ಟರ್ ಯೋಚಿಸಿ ಬಿಟ್ಟರೋ, ಮರೆತು ಬಿಟ್ಟರೋ ಗೊತ್ತಾಗುವುದಿಲ್ಲ. ಈ ಭಾಗ ತುಂಬಬೇಕಾದರೆ ಮನೆಯ ಮಾತ್ರೆಗಳನ್ನು ನೋಡಲೇಬೇಕು, ಹಾಗಾಗಿ ಈಗ ದಾಖಲಾದ ದಿನವೇ ಮಾತ್ರೆ ಚೀಲ ತರಿಸುತ್ತೇವೆ.

ಮಾತ್ರೆಯ ಹೆಸರನ್ನು ಮೊದಲು ಕನ್ನಡದಲ್ಲಿ ಬರೆದೆ. ಅದು ಸರಿಹೋಗಲಿಲ್ಲ, ಯಾಕೆಂದರೆ ಸ್ಟ್ರಿಪ್ ಮೇಲೆ ಇಂಗ್ಲಿಷ್ ಇರುತ್ತದೆ, ಮನೆಯವರು ಅಕ್ಷರ ಹೋಲಿಸಿ ನೋಡುತ್ತಾರೆ. ಈಗ ಹೆಸರು ಸ್ಟ್ರಿಪ್‌ನಲ್ಲಿ ಇದ್ದ ಹಾಗೆ, ಪಕ್ಕದಲ್ಲಿ ಅದು ಯಾತಕ್ಕೆ ಅಂತ ಕನ್ನಡದಲ್ಲಿ: "ನೀರು ಇಳಿಸಲು", "ಹೃದಯದ ಬಡಿತ ಹಿಡಿತಕ್ಕೆ". 1-0-1 ಅಂತ ಬರೆಯುವುದನ್ನೂ ಬಿಟ್ಟೆ. "ಬೆಳಿಗ್ಗೆ ತಿಂಡಿ ಆದ ಮೇಲೆ 1" ಅಂತಲೇ ಬರೆಯುತ್ತೇನೆ. ನೀರು ಇಳಿಸುವ ಫ್ಯೂರೊಸೆಮೈಡ್ ಎರಡು ಹೊತ್ತು ಇದ್ದರೆ ಎರಡನೆಯದು ಮಧ್ಯಾಹ್ನ 2 ಗಂಟೆಗೆ. ರಾತ್ರಿ ಕೊಟ್ಟರೆ ಮಳೆಯಲ್ಲಿ ಅಂಗಳ ದಾಟಿ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ಮಾತ್ರೆಯನ್ನೇ ಬಿಡುತ್ತಾರೆ.

ಕಾಯಿಲೆಯ ಹೆಸರಿಗೂ ಸ್ವಲ್ಪ ಒದ್ದಾಡಿದೆ. "ಹೃದಯ ವೈಫಲ್ಯ" ಅಂತ ಓದಿದವರು ಹೃದಯ ನಿಂತೇ ಹೋಯಿತು ಅಂದುಕೊಳ್ಳುತ್ತಾರೆ. ಅಜ್ಜಿಯ ಎರಡನೇ ಚೀಟಿಯಲ್ಲಿ ಹೀಗೆ ಬರೆದೆ: "ನಿಮ್ಮ ಹೃದಯ ರಕ್ತ ತಳ್ಳುವ ಬಲ ಕಡಿಮೆಯಾಗಿದೆ. ಅದಕ್ಕೇ ಕಾಲಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಈ ಸಲ ತಲೆ ಸುತ್ತು ಬಂದದ್ದು ಒಂದೇ ತರಹದ ಎರಡು ಮಾತ್ರೆ ಒಟ್ಟಿಗೆ ಹೋಗಿದ್ದರಿಂದ." ಕೊಟ್ಟ ಚಿಕಿತ್ಸೆ ಎರಡೇ ಸಾಲು. ಇಸಿಜಿ, ಕ್ರಿಯಾಟಿನಿನ್, ಡೋಸ್ ವಿವರ ಎಲ್ಲ ಹಿಂಬದಿಯ ಇಂಗ್ಲಿಷ್ ಹಾಳೆಗೆ ಹೋದವು. ಶಿವಮೊಗ್ಗದಲ್ಲಿ ಬೇರೆ ಡಾಕ್ಟರ್ ನೋಡಿದರೆ ಅವರಿಗೆ ಅದು ಬೇಕೇ ಬೇಕು, ಕನ್ನಡದ ಹಾಳೆ ಅದರ ಜಾಗ ತುಂಬುವುದಿಲ್ಲ.

ಮುಂದಿನ ಸೂಚನೆಯಲ್ಲಿ "ಉಪ್ಪು ಕಡಿಮೆ ಮಾಡಿ" ಅಂದರೆ ನಮ್ಮ ಕಡೆ ಸಾರಿಗೆ ಉಪ್ಪು ಕಡಿಮೆ ಹಾಕಿ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಅಂತ ಹೆಸರು ಹಿಡಿದೇ ಬರೆದೆ. ತೂಕ ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು. "ತೂಕದ ಮಿಷನ್ ಎಲ್ಲಿಂದ ತರೋದು" ಅಂತ ಮಗ ಕೇಳಿದ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿ ಇತ್ತು, ಮೇಲೆ ಹತ್ತಿ ನಿಲ್ಲುವಂಥದ್ದು. ಅದರಲ್ಲೇ ನೋಡಿ ಅಂದೆ. ಮೂರು ದಿನದೊಳಗೆ 2 ಕೆಜಿ ಏರಿದರೆ, ಅಥವಾ ಮಲಗಿದರೆ ಉಸಿರು ಕಟ್ಟಿದರೆ ಅವತ್ತೇ ನಮಗೆ ಫೋನ್. ಎದೆನೋವು, ಸುಮ್ಮನೆ ಕೂತಾಗಲೂ ಏದುಸಿರು, ಪ್ರಜ್ಞೆ ತಪ್ಪುವುದು ಆದರೆ ಕಾಯದೆ 108. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಾಗಿ ಸಿಗ್ನಲ್ ಬರುವ ಪಕ್ಕದ ಮನೆಯವರನ್ನು ಕೇಳಿ ಅವರ ನಂಬರನ್ನೂ ಚೀಟಿಯಲ್ಲಿ ಬರೆದುಕೊಂಡೆವು.

"ಒಂದು ವಾರ ಬಿಟ್ಟು ಬನ್ನಿ" ಅಂತ ಬರೆಯದೆ ವಾರ, ತಾರೀಕು, ಯಾಕೆ ಬರಬೇಕು ಅಂತ ಬರೆದೆ: ಪೊಟ್ಯಾಸಿಯಂ, ಕಿಡ್ನಿ ರಕ್ತ ಪರೀಕ್ಷೆಗೆ. ಅದರ ಕೆಳಗೆ "ತಿಂಡಿ ತಿಂದೇ ಬನ್ನಿ" ಅಂತಲೂ ಸೇರಿಸಿದೆ. ಇವಕ್ಕೆ ಉಪವಾಸ ಬೇಡ, ಆದರೆ ರಕ್ತ ಪರೀಕ್ಷೆ ಅಂದ ಕೂಡಲೇ ಹಸಿದುಕೊಂಡೇ ಬಸ್ಸು ಹತ್ತುವವರು ಜಾಸ್ತಿ.

ಕೊನೆಗೆ ಚೀಟಿ ಅವರ ಕೈಗೆ ಕೊಟ್ಟು "ಅರ್ಥವಾಯಿತಾ" ಅಂತ ಕೇಳಲಿಲ್ಲ, ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ. "ನಾಳೆ ಬೆಳಿಗ್ಗೆ ಯಾವ ಮಾತ್ರೆ ತಗೊಳ್ತೀರಿ, ತೋರಿಸಿ ಅಮ್ಮ" ಅಂದೆ. ಅಜ್ಜಿಗೆ ಓದಲು ಬರುವುದಿಲ್ಲ. ಫ್ಯೂರೊಸೆಮೈಡ್, ಮೆಟೊಪ್ರೊಲಾಲ್ ಸರಿಯಾಗಿ ತೆಗೆದರು. ಆಮೇಲೆ ಕೈ ಅಭ್ಯಾಸಕ್ಕೆ ಅಟೆನೊಲಾಲ್ ಕಡೆಗೂ ಹೋಯಿತು, ಅರ್ಧದಲ್ಲೇ ನಿಂತಿತು. ಆ ಸ್ಟ್ರಿಪ್ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಎಳೆದು ಆಸ್ಪತ್ರೆಯಲ್ಲೇ ಇಟ್ಟುಕೊಂಡೆವು.